ಖಾಲಿ ಮಾಡಿಸಿ ಅಳೆದ ಮನೆ

ನಮ್ಮ ಕೆಲಸಕ್ಕೆ ಮನುಷ್ಯರು ಅಡ್ಡ. ಕಟ್ಟಡ ಅಳೆಯುವ ಯಂತ್ರ ತಿರುಗುತ್ತಿರುವಾಗ ಒಬ್ಬರು ಎದುರಿಗೆ ಹಾದುಹೋದರೂ ಸಾಕು, ಅವರದೊಂದು ಅರೆಬರೆ ಗೀರು ಗಾಳಿಯಲ್ಲಿ ಉಳಿದುಬಿಡುತ್ತದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಆ ಗೀರನ್ನು ಅಳಿಸುವವಳು ನಾನು. ಹಾಗಾಗಿ ಹಳೆಯ ಕಟ್ಟಡದ ಹತ್ತಿರ ಜನ ಕಂಡರೆ ನನ್ನ ಹಣೆ ತಾನಾಗಿಯೇ ಗಂಟಿಕ್ಕುತ್ತಿತ್ತು. ಫೋಟೋ ಹೊಡೆಸಿಕೊಳ್ಳಲು ಬಂದ ಹೊಸ ಜೋಡಿಗಳನ್ನು, ಇಸ್ಪೀಟಾಡುವವರನ್ನು, ಮೇಕೆ ಕಾಯುವವರನ್ನು ನಾನು ಎಷ್ಟು ಸಲ ಗದರಿಸಿ ಎಬ್ಬಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ಸರ್ ನಗುತ್ತಿದ್ದರು: "ನೀವ್ ಇದ್ರ ನಮಗ ವಾಚಮನ್ ಬ್ಯಾಡ್ ಬಿಡ್ರಿ."

ಸರ್ ಎಂದರೆ ನಮ್ಮ ಆಫೀಸಿನ ಯಜಮಾನರು. ಕಲಬುರಗಿಯ ಜಗತ್ ವೃತ್ತದ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿಕೊಡುವುದು ನಮ್ಮ ಉದ್ಯೋಗ. ಲೇಸರ್ ಯಂತ್ರ ನಡೆಸುವುದು, ಡ್ರೋನ್ ಹಾರಿಸುವುದು ಸರ್ ಕೆಲಸ. ಅವರಿಗೆ ಅದರ ಲೈಸೆನ್ಸ್ ಇದೆ. ಅವರು ತಂದದ್ದನ್ನು ಗೆರೆಯಾಗಿಸುವುದು ನನ್ನದು. ನಾನು ಕೆಲಸಕ್ಕೆ ಸೇರಿದಾಗ ಟೇಪು ಹಿಡಿದು ಅಳೆಯುತ್ತಿದ್ದೆವು. ಒಂದು ಗುಮ್ಮಟದ ನೆತ್ತಿ ಎಷ್ಟು ಎತ್ತರ ಎಂದು ತಿಳಿಯಲು ನಾಲ್ಕು ಮಂದಿ ಒಂದು ದಿನ ಒದ್ದಾಡುತ್ತಿದ್ದೆವು. ಈಗ ಮೂರು ಕಾಲಿನ ಮೇಲೊಂದು ಪುಟ್ಟ ಪೆಟ್ಟಿಗೆ ಕೂತು, ಸುತ್ತ ತಿರುಗುತ್ತ ಬೆಳಕು ಚೆಲ್ಲುತ್ತದೆ. ಬೆಳಕು ಗೋಡೆಗೆ ಬಡಿದು ಮರಳಿದಾಗ ಅಲ್ಲೊಂದು ಚುಕ್ಕೆ. ಅಂಥ ಚುಕ್ಕೆಗಳು ಕೋಟಿಗಟ್ಟಲೆ ಸೇರಿದರೆ ಕಟ್ಟಡ ತನ್ನ ಆಕಾರದಲ್ಲಿ ಎದ್ದು ನಿಲ್ಲುತ್ತದೆ. ಜೊತೆಗೆ ಆ ಪೆಟ್ಟಿಗೆ ಸುತ್ತಲಿನ ಫೋಟೋವನ್ನೂ ತೆಗೆದು ಚುಕ್ಕೆಗಳಿಗೆ ಬಣ್ಣ ಕೊಡುತ್ತದೆ.

ಆದರೆ ಅದಕ್ಕೆ ಕಂಡದ್ದು ಮಾತ್ರ ಉಂಟು. ಗೋಡೆಗೆ ಒರಗಿಸಿ ಒಂದು ಟ್ರಂಕು ಇಟ್ಟಿದ್ದರೆ ಬೆಳಕು ಟ್ರಂಕಿಗೆ ಬಡಿದು ಮರಳುತ್ತದೆ, ಹಿಂದಿನ ಗೋಡೆ ಗೊತ್ತಾಗುವುದಿಲ್ಲ. ಚುಕ್ಕೆಗಳಲ್ಲಿ ಅಲ್ಲೊಂದು ಕಪ್ಪು ತೂತು ಬೀಳುತ್ತದೆ. ಯಂತ್ರವನ್ನು ಇನ್ನೊಂದು ಜಾಗದಲ್ಲಿ ಇಟ್ಟು ಆ ತೂತು ಮುಚ್ಚಬೇಕು, ಇಲ್ಲವೇ ಟ್ರಂಕನ್ನೇ ಎತ್ತಿಸಬೇಕು. ಎತ್ತಿಸುವುದೇ ಸುಲಭ. ಎಲ್ಲ ಕಡೆ ನಾವು ಮಾಡುತ್ತಿದ್ದುದು ಅದನ್ನೇ.

ಕಮಲಾಪುರದಾಚೆ ಒಂದು ಹಳೆಯ ಸರಾಯಿ ಇದೆ. ಹಿಂದೆ ವ್ಯಾಪಾರಿಗಳು ಒಂಟೆ ಎತ್ತು ಕಟ್ಟಿ ಇಳಿದುಕೊಳ್ಳುತ್ತಿದ್ದ ತಂಗುದಾಣ. ಒಂದು ಎತ್ತರದ ದರವಾಜೆ, ಒಳಗೆ ಹೊಲದಷ್ಟು ದೊಡ್ಡ ಅಂಗಳ, ಅಂಗಳದ ನಾಲ್ಕೂ ಬದಿಗೆ ಕಮಾನಿನ ಖಾನೆಗಳ, ಅಂದರೆ ಪುಟ್ಟ ಕೋಣೆಗಳ ಸಾಲು. ಅದನ್ನು ದುರಸ್ತಿ ಮಾಡಿಸಬೇಕೆಂದು ಒಂದು ಸರಕಾರಿ ಕಚೇರಿ ತೀರ್ಮಾನಿಸಿತು. ದುರಸ್ತಿಗೆ ಮೊದಲು ಇದ್ದದ್ದು ಇದ್ದ ಹಾಗೆ ನಕ್ಷೆ ಬೇಕು. ಆ ಕೆಲಸ ನಮಗೆ ಬಂತು.

ಮೊದಲ ದಿನ ಡ್ರೋನ್. ನೆಲದ ಮೇಲೆ ಅಲ್ಲಲ್ಲಿ ಸುಣ್ಣದಲ್ಲಿ ಗುರುತು ಹಾಕಿ, ಆ ಗುರುತುಗಳ ಜಾಗವನ್ನು ಬೇರೆ ಯಂತ್ರದಿಂದ ಅಳೆದಿಟ್ಟುಕೊಳ್ಳುತ್ತೇವೆ. ಆಮೇಲೆ ಡ್ರೋನ್ ಮೇಲಿಂದ ಒಂದರ ಅಂಚು ಇನ್ನೊಂದರ ಮೇಲೆ ಚೆನ್ನಾಗಿ ಬೀಳುವಂತೆ ಫೋಟೋ ತೆಗೆಯುತ್ತ ಹೋಗುತ್ತದೆ. ಆ ಫೋಟೋಗಳಿಂದ ಚಾವಣಿಯ ಆಕಾರ ಸಿಗುತ್ತದೆ. ನೆಲದ ಮೇಲಿನ ಲೇಸರಿಗೆ ಚಾವಣಿ ಕಾಣುವುದಿಲ್ಲ, ಡ್ರೋನಿಗೆ ಕಮಾನಿನ ಒಳಗು ಕಾಣುವುದಿಲ್ಲ. ಎರಡನ್ನೂ ಆ ಗುರುತುಗಳ ಮೇಲೆ ಕೂಡಿಸಿದಾಗಲೇ ಕಟ್ಟಡ ಪೂರ್ತಿಯಾಗುವುದು.

ಅಂದು ನೋಡಿದರೆ ದಕ್ಷಿಣ ಸಾಲಿನ ಚಾವಣಿಯ ಮೇಲೆ ಕೆಂಪಗೆ ಮೆಣಸಿನಕಾಯಿ ಹರಡಿದೆ! ಅದರ ಪಕ್ಕದಲ್ಲಿ ಸೆರಗು ಹೊದ್ದ ಮುದುಕಿಯೊಬ್ಬರು ಕೂತು ಕಾಗೆ ಓಡಿಸುತ್ತಿದ್ದಾರೆ. ನಾನು ಕೆಳಗಿನಿಂದ ಕೂಗಿದೆ. ಅವರು ನಿಧಾನಕ್ಕೆ ಬಗ್ಗಿ ನೋಡಿದರು.

"ಮೆಣಸಿನಕಾಯಿ ತಗೀರಿ, ಫೋಟೋ ತಗೋಬೇಕು."

"ತಗೀತೀನಿ ಬೇಟಿ. ಈಗಷ್ಟೇ ಹರವೀನಿ. ಒಂದು ತಾಸು ಬಿಸಲಾಗ ಇರ್ಲಿ."

ಬಿಸಿಲು ಏರಿದರೆ ನೆರಳು ಗಟ್ಟಿಯಾಗುತ್ತದೆ, ಫೋಟೋ ಕೆಡುತ್ತದೆ ಎಂದು ನಾನು ವಾದಕ್ಕಿಳಿದೆ. ಸರ್ ನನ್ನನ್ನು ಸುಮ್ಮನಾಗಿಸಿ, ಒಂದು ಸುತ್ತು ಹಾಗೆಯೇ ಹಾರಿಸಿದರು. ಗಾಳಿ ಎಷ್ಟಿದೆ ನೋಡಿದಂತಾಯಿತು ಎಂದರು. ಆಮೇಲೆ ಮುದುಕಿ ಮೆಣಸಿನಕಾಯಿ ಬಾಚಿಕೊಂಡು ಇಳಿದು ಬಂದರು, ನಾವು ಸರಿಯಾದ ಸುತ್ತು ಹಾರಿಸಿದೆವು. ಅದು ಮುಗಿಯುವ ಹೊತ್ತಿಗೆ ಅವರು ಚಹಾ ಹಿಡಿದು ನಿಂತಿದ್ದರು. ನಾನು ಗದರಿಸಿದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಅಂದಿನಿಂದ ಅವರು ನನಗೆ ಖಾಲಾ, ಚಿಕ್ಕಮ್ಮ.

ಖಾಲಾ ಅವರ ಮನೆ ಅಲ್ಲೇ, ದಕ್ಷಿಣ ಸಾಲಿನ ಎರಡು ಖಾನೆಗಳಲ್ಲಿ. ಎದುರಿಗೆ ಇಟ್ಟಿಗೆಯ ಗೋಡೆ ಕಟ್ಟಿ ತಗಡಿನ ಬಾಗಿಲು ಇಟ್ಟುಕೊಂಡಿದ್ದರು. ಗಂಡನ ಅಜ್ಜನ ಕಾಲದಿಂದ ಅವರ ಮನೆತನ ಅಲ್ಲಿತ್ತು. ಮೊದಲು ಬೇರೆ ಮನೆಗಳೂ ಇದ್ದವಂತೆ, ಒಬ್ಬೊಬ್ಬರಾಗಿ ಊರೊಳಗೆ ಹೋದರು. ಉಳಿದದ್ದು ಖಾಲಾ, ಆಟೋ ಓಡಿಸುವ ಮಗ, ಸೊಸೆ. ಆ ಮನೆಗೆ ನಂಬರಿಲ್ಲ. ನಂಬರಿಲ್ಲದ ಮನೆಗೆ ಯಾವ ಕಾರ್ಡೂ ಬರುವುದಿಲ್ಲ. ಹಾಗಾಗಿ ರೇಷನ್ ಕಾರ್ಡಿನಿಂದ ಹಿಡಿದು ಎಲ್ಲವೂ ಕಮಲಾಪುರದಲ್ಲಿದ್ದ ಖಾಲಾರ ತಮ್ಮನ ಮನೆಯ ವಿಳಾಸದಲ್ಲಿದ್ದವು.

ದುರಸ್ತಿ ಶುರುವಾದರೆ ಇಲ್ಲಿಂದ ಏಳಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಳಗೆ ವಾಸ ಇರುವವರಿಗೆ ಕಮಲಾಪುರದ ಅಂಚಿನಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೊಡುತ್ತಾರೆಂಬ ಮಾತೂ ಇತ್ತು. ವಾಸ ಇದ್ದದ್ದು ಸಾಬೀತಾಗಬೇಕಷ್ಟೇ. ಚಹಾದ ಲೋಟ ನನ್ನ ಕೈಗೆ ಕೊಡುತ್ತ ಖಾಲಾ ಕೇಳಿದ್ದು ಅದನ್ನೇ.

"ನಿಮ್ಮ ನಕ್ಷಾದಾಗ ನಮ್ಮ ಮನಿ ಬರ್ತದೇನು ಬೇಟಿ?"

"ಬರ್ತದ ಖಾಲಾ. ಇದ್ದದ್ದೆಲ್ಲಾ ಬರ್ತದ."

"ಹಂಗಾರ ಚಂದಂಗಿ ಬರ್ಲಿ. ನಮ್ಮ ಬಲ್ಲಿ ಬ್ಯಾರೆ ಕಾಗದ ಏನೂ ಇಲ್ಲ. ಸರಕಾರದ ನಕ್ಷಾದಾಗ ಬಂತಂದ್ರ ನಾಳಿಗಿ ಯಾರೂ ಇಲ್ಲ ಅನ್ನಂಗಿಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗ ಏನೂ ಸಿಗಲಿಲ್ಲ. ಈಗಲೂ ಸಿಗುವುದಿಲ್ಲ.

ಅಂಗಳ, ದರವಾಜೆ, ಉಳಿದ ಮೂರು ಸಾಲು ಮುಗಿಸಿಕೊಂಡು ದಕ್ಷಿಣದ ಸಾಲಿಗೆ ಬರಲು ನಮಗೆ ಒಂದು ವಾರದ ಮೇಲೆ ಹಿಡಿಯಿತು. ಯಂತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತ, ಎರಡೂ ಕಡೆಯಿಂದ ಕಾಣುವಂತೆ ಕಪ್ಪುಬಿಳುಪು ಚೌಕದ ಹಾಳೆಗಳನ್ನು ಅಂಟಿಸುತ್ತ ಹೋಗಬೇಕು. ಆ ಹಾಳೆಗಳು ಹೊಂದಿಕೊಂಡರೆ ಒಂದು ಸ್ಕ್ಯಾನು ಇನ್ನೊಂದಕ್ಕೆ ಕೂಡುತ್ತದೆ. ಖಾಲಾ ದಿನಾ ಬಂದು ನೋಡುತ್ತಿದ್ದರು. ತಮ್ಮ ಮನೆಯ ಪಾಳಿ ಯಾವಾಗ ಎಂದು ವಿಚಾರಿಸುತ್ತಿದ್ದರು, ಮದುವೆ ಮನೆಯಲ್ಲಿ ಬೀಗರು ಯಾವಾಗ ಬರುತ್ತಾರೆ ಎಂದು ಕೇಳಿದ ಹಾಗೆ.

ಆ ಪಾಳಿಯ ಹಿಂದಿನ ದಿನ ಸರ್ ಖಾಲಾರ ಮನೆಯೊಳಗೆ ಹೋಗಿ ನೋಡಿ ಬಂದರು. ಹೊಸ್ತಿಲಲ್ಲಿ ನಿಂತು ಖಾಲಾಗೆ ತಿಳಿಸಿ ಹೇಳಿದರು. ಗೋಡೆಗೆ ಹೊಂದಿಸಿಟ್ಟ ಸಾಮಾನು ಸ್ವಲ್ಪ ಹೊರಗೆ ಇಡಬೇಕು. ಸ್ಟೀಲಿನ ಪಾತ್ರೆಗೆ ಬೆಳಕು ಬಡಿದರೆ ಎಲ್ಲೆಲ್ಲೋ ಚಿಮ್ಮಿ ಇಲ್ಲದ ಕಡೆ ಚುಕ್ಕೆ ಬೀಳುತ್ತವೆ, ಅವನ್ನೂ ತೆಗೆಯಬೇಕು. ಬಾಗಿಲಿನ ಮೂಲಕ ಒಳಗಿನ ಸ್ಕ್ಯಾನನ್ನು ಅಂಗಳದ ಸ್ಕ್ಯಾನಿಗೆ ಕೂಡಿಸಬೇಕು, ಅದಕ್ಕೆ ಬಾಗಿಲು ಪೂರ್ತಿ ತೆರೆದಿರಬೇಕು. ಒಲೆಯ ಹಿಂದಿನ ಮಸಿ ಗೋಡೆ ನೋಡಿ ತಮಾಷೆಗೆ ಒಂದು ಮಾತು ಸೇರಿಸಿದರು: "ಈ ಕರೀ ಗೋಡಿ ಒಂದು ನಮ್ಮ ಮಷಿನ್ನಿಗಿ ಸರಿ ಕಾಣಂಗಿಲ್ಲ ನೋಡ್ರಿ. ಬೆಳಕು ನುಂಗಿಬಿಡ್ತದ."

ಅದು ನಿಜವೇ. ಕಪ್ಪು ಮಸಿಯಿಂದ ಬೆಳಕು ಕಡಿಮೆ ಮರಳುತ್ತದೆ, ಚುಕ್ಕೆಗಳು ಒರಟಾಗಿ ಬರುತ್ತವೆ. ಬಂದಷ್ಟು ಸಾಕು ಎಂದು ನಾವು ನಡೆಸಿಕೊಳ್ಳುತ್ತಿದ್ದೆವು. ಸರ್ ಹೇಳಿದ್ದರಲ್ಲಿ ಹಾಗೆ ಮಾಡಿ ಹೀಗೆ ಮಾಡಿ ಎಂಬ ಅರ್ಥವೇನೂ ಇರಲಿಲ್ಲ.

ಮರುದಿನ ಹೋದಾಗ ನನಗೆ ಗುರುತೇ ಸಿಗಲಿಲ್ಲ. ಅಂಗಳದ ಬೇವಿನ ಮರದಾಚೆ ಮನೆಯ ಸಾಮಾನೆಲ್ಲ ಪೇರಿಸಿತ್ತು: ಟ್ರಂಕು, ಕಂಬಳಿ, ಜೋಳದ ಚೀಲ, ಸೊಸೆಯ ಹೊಲಿಗೆ ಯಂತ್ರ, ಮಂಚ. ತಗಡಿನ ಬಾಗಿಲು ತೆರೆದಿಟ್ಟರೆ ಗೋಡೆಯ ಒಂದು ಭಾಗ ಮರೆಯಾಗುತ್ತದೆಂದು ಮಗ ಅದನ್ನು ಕೀಲಿನಿಂದಲೇ ಕಳಚಿ ಮರಕ್ಕೆ ಒರಗಿಸಿದ್ದ. ಬಟ್ಟೆ ಒಣಹಾಕುವ ಹಗ್ಗವೂ ಬಿಚ್ಚಿತ್ತು. ಒಳಗೆ ಹೋದರೆ ಸುಣ್ಣದ ಹಸಿ ವಾಸನೆ. ಮಸಿ ಗೋಡೆಯೂ ಸೇರಿ ನಾಲ್ಕೂ ಕಡೆ ಬೆಳ್ಳಗೆ. ಮೂಲೆಯಲ್ಲಿದ್ದ ಮಣ್ಣಿನ ಒಲೆ ಇರಲಿಲ್ಲ. ಅದನ್ನು ಒಡೆದು ನೆಲ ಮಟ್ಟ ಮಾಡಿ ಸಾರಿಸಿಬಿಟ್ಟಿದ್ದರು.

"ಒಲಿ ಯಾಕ ಒಡದ್ರಿ ಖಾಲಾ?"

"ಒಡಕ ಒಲಿ ಬೇಟಿ ಅದು. ಸರಕಾರದವರಿಗಿ ಒಡಕ ಒಲಿ ತೋರಸೂದೇನು? ನಾಳಿಗಿ ಹೊಸಾದು ಹಾಕ್ತೀನಿ. ಮನಿಗಿ ಮಂದಿ ಬರ್ತಾರಂದ್ರ ಸುಣ್ಣಾ ಹಚ್ಚಬೇಕಲ್ಲ. ರಂಜಾನಕ್ಕ ಹಚ್ಚೂದು ಈಗ ಹಚ್ಚೀವಿ, ಅಷ್ಟ."

ಹಳೆಯ ಕಟ್ಟಡದ ಗೋಡೆಗೆ ಸುಣ್ಣ ಬಳಿಯಬಾರದು ಎಂದು ಹೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂತು. ಅವರ ಮುಖ ನೋಡಿ ಸುಮ್ಮನಾದೆ. ಸೊಸೆಯ ಮೊಣಕೈವರೆಗೂ ಸುಣ್ಣದ ಕಲೆಗಳಿದ್ದವು. ಸರ್ ಮೂವರನ್ನೂ ಬೇವಿನ ಮರದ ಆಚೆ ನಿಲ್ಲಿಸಿ ಬಂದರು. ಯಂತ್ರ ತಿರುಗಿತು. ನಾವೂ ಬಾಗಿಲ ಪಕ್ಕ ಗೋಡೆಯ ಮರೆಗೆ ಸರಿದು ನಿಂತೆವು. ಒಳಗೆ ಯಾರೂ ಇಲ್ಲ, ಏನೂ ಇಲ್ಲ. ಅಷ್ಟು ಸ್ವಚ್ಛವಾದ ಸ್ಕ್ಯಾನು ಇಡೀ ಸರಾಯಿಯಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ಸರ್ ಖುಷಿಯಿಂದ ಖಾಲಾಗೆ ಕೈ ಮುಗಿದರು.

ಮುಂದಿನ ತಿಂಗಳುಗಳು ನನ್ನವು. ಚುಕ್ಕೆಗಳ ರಾಶಿಯನ್ನು ಎದುರಿಗಿಟ್ಟುಕೊಂಡು ಮೊದಲು ಕಸ ತೆಗೆಯಬೇಕು. ನಾಯಿ, ಹಕ್ಕಿ, ಅಂಗಳದಲ್ಲಿ ಹಾದುಹೋದವರ ಗೀರು, ಮರದ ಎಲೆ. ಅಂಗಳದ ಸ್ಕ್ಯಾನುಗಳಲ್ಲಿ ಬೇವಿನ ಮರದ ಆಚೆ ಪೇರಿಸಿದ ಸಾಮಾನಿನ ಗುಡ್ಡೆಯೂ ಅರ್ಧಂಬರ್ಧ ಬಂದಿತ್ತು. ಅದು ಕಟ್ಟಡವಲ್ಲ, ತೆಗೆದೆ. ಆಮೇಲೆ ರಾಶಿಯನ್ನು ಕಲ್ಲಂಗಡಿ ಹಣ್ಣು ಕೊಯ್ದ ಹಾಗೆ ಅಡ್ಡಕ್ಕೆ ಒಂದು ತೆಳು ಪದರ ಕೊಯ್ಯಬೇಕು. ಆ ಪದರದ ಚುಕ್ಕೆಗಳ ಮೇಲೆ ಗೆರೆ ಎಳೆದರೆ ನೆಲದ ನಕ್ಷೆ. ಉದ್ದಕ್ಕೆ ಕೊಯ್ದರೆ ಕಮಾನಿನ ಎತ್ತರ, ಗೋಡೆಯ ದಪ್ಪ, ಚಾವಣಿಯ ಇಳಿಜಾರು. ಕಂಪ್ಯೂಟರ್ ತಾನೇ ಗೆರೆ ಎಳೆಯುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಎಳೆದರೆ ಬಿದ್ದ ಗಾರೆಯೂ ಕಲ್ಲೇ, ಕಲ್ಲಿನ ಸಂದೂ ಕಲ್ಲೇ. ಯಾವುದು ಕಲ್ಲು, ಯಾವುದು ಗಾರೆ, ಯಾವುದು ಇತ್ತೀಚೆಗೆ ಸೇರಿಸಿದ್ದು ಎಂದು ಕಣ್ಣಿಟ್ಟು ನೋಡಿ ನಿರ್ಧರಿಸಬೇಕಾದವರು ನಾವು. ಆಮೇಲೆ ಸೇರಿಸಿದ್ದನ್ನು ಬೇರೆ ಬಣ್ಣದಲ್ಲಿ, ಬೇರೆ ಪದರದಲ್ಲಿ ಇಡುವುದು ಪದ್ಧತಿ.

ಖಾಲಾರ ಮನೆಯನ್ನು ನಾನು ಎಷ್ಟು ಅಚ್ಚುಕಟ್ಟಾಗಿ ಎಳೆದೆ! ಇಟ್ಟಿಗೆಯ ಒಂದೊಂದು ವರಸೆ, ಬಾಗಿಲ ಚೌಕಟ್ಟು, ದೀಪದ ಗೂಡು, ಎಲ್ಲವನ್ನೂ. ಒಳಗೆ "ವಾಸದ ಮನೆ" ಎಂದು ಬರೆದೆ. ಕರಡು ನೋಡಿದ ಕಚೇರಿಯವರು ಆ ಎರಡು ಪದಗಳ ಸುತ್ತ ಗೆರೆ ಎಳೆದು ವಾಪಸು ಕಳಿಸಿದರು. ಅಳತೆಯಲ್ಲಿ ಕಂಡದ್ದನ್ನು ಮಾತ್ರ ನಮೂದಿಸಿ, ಬಳಕೆ ಏನೆಂದು ನೀವು ತೀರ್ಮಾನಿಸಬೇಡಿ ಎಂದರು. ನನಗೆ ಸಿಟ್ಟು ಬಂತು. ಫೋನಿನಲ್ಲಿ ಜಗಳವಾಡಿದೆ. ಕೊನೆಗೆ ಬೇರೆಲ್ಲ ಖಾನೆಗಳಂತೆ ಅದಕ್ಕೂ ಒಂದು ನಂಬರು ಬಿತ್ತು. ಮನೆಗೆ ನಂಬರಿಲ್ಲ ಎನ್ನುತ್ತಿದ್ದರಲ್ಲ, ಇದಾದರೂ ಸಿಕ್ಕಿತು ಎಂದು ನಾನೇ ಹಾಸ್ಯ ಮಾಡಿದೆ. ಸರ್ ನಗಲಿಲ್ಲ.

ನಕ್ಷೆಗಳು ಹೋದವು, ಒಪ್ಪಿಗೆಯಾದವು. ಇಷ್ಟು ಚೊಕ್ಕ ಕೆಲಸ ನೋಡಿಲ್ಲ ಎಂಬ ಮಾತೂ ಬಂತು. ನಾನು ಅದನ್ನು ಮನೆಯಲ್ಲಿ ಹೇಳಿಕೊಂಡು ತಿರುಗಿದೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಖಾಲಾರ ಮಗ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದ. ಕೂತುಕೊಳ್ಳಲಿಲ್ಲ. ಜಾಗ ಕೊಡುವ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

"ಕಚೇರಿಯಾಗ ನಿಮ್ಮ ಫೋಟೋ ತೋರ್ಸಿದ್ರು ಮೇಡಂ. ಲ್ಯಾಪ್‌ಟಾಪಿನ್ಯಾಗ ಮನಿ ಒಳಗ ಹೋಗಿ ಸುತ್ತೆಲ್ಲಾ ತಿರುಗ್ಸಿ ತೋರ್ಸಿದ್ರು. ಬಾಗಿಲಿಲ್ಲ, ಒಲಿ ಇಲ್ಲ, ಒಂದು ತಾಟಿಲ್ಲ. ಖಾಲಿ ಖೋಲಿ ಅದ, ಇಲ್ಲಿ ಯಾರ್ ಇದ್ರು ಅಂತ ಕೇಳ್ತಾರ."

ಅವನು ಇನ್ನೂ ಹೇಳುತ್ತಿದ್ದ. ಕಾರ್ಡಿನಲ್ಲಿ ಸೋದರಮಾವನ ಮನೆಯ ವಿಳಾಸ ಇರುವುದರಿಂದ ಇವರು ಅಲ್ಲಿಯವರೇ, ಜಾಗದ ಆಸೆಗೆ ಇಲ್ಲಿ ಇದ್ದೆವು ಎನ್ನುತ್ತಿದ್ದಾರೆ ಎಂದು ಪಟ್ಟಿ ಮಾಡುವ ಅಧಿಕಾರಿ ತಿಳಿದಿದ್ದಾರೆ. ಇಟ್ಟಿಗೆ ಗೋಡೆ ಯಾರೋ ಮೇಕೆ ಕಟ್ಟಲು ಕಟ್ಟಿರಬಹುದು ಎಂದರಂತೆ. ಅವನು ಅಲ್ಲಿ ದನಿ ಏರಿಸಿದ್ದಾನೆ. ಬಡವನ ಕೋಪ ದವಡೆಗೆ ಮೂಲ, ಹೊರಗೆ ಕಳಿಸಿದ್ದಾರೆ.

ನಾನು ಮತ್ತು ಸರ್ ಮರುದಿನವೇ ಆ ಅಧಿಕಾರಿಯ ಹತ್ತಿರ ಹೋದೆವು. ಕೆಟ್ಟ ಮನುಷ್ಯ ಎಂದುಕೊಂಡು ಹೋಗಿದ್ದೆ, ಹಾಗಿರಲಿಲ್ಲ. ಕೂಡಿಸಿ ಮಾತಾಡಿದರು. ನಾನು ಎಲ್ಲ ಹೇಳಿದೆ: ಸಾಮಾನು ಹೊರಗೆ ಇಡಿಸಿದ್ದು ನಾವು, ಬಾಗಿಲು ತೆಗೆದದ್ದು ನಮ್ಮ ಅಳತೆಗಾಗಿ, ಸುಣ್ಣ ಹಚ್ಚಿದ್ದು ಯಂತ್ರಕ್ಕೆ ಕಾಣಲೆಂದು. ಅವರು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು.

"ಮೇಡಂ, ನೀವು ಹೇಳೋದು ಖರೇ ಇರಬಹುದು. ಆದ್ರ ನಮ್ಮ ಎದುರಿಗಿ ಇರೋ ದಾಖಲಾ ನಿಮ್ಮದ. ನಿಮ್ಮ ವರದಿಯೊಳಗ ಏನು ಬರದೀರಿ? ಒಳಭಾಗ ಖಾಲಿ, ಯಾವ ಅಡೆತಡೆ ಇರಲಿಲ್ಲ ಅಂತ ಬರದೀರಿ. ಈಗ ಅಲ್ಲಿ ಸಾಮಾನ ಕಂಡ್ರೂ ಅಳತಿ ಆದ ಮ್ಯಾಲೆ ಜಾಗದ ಆಸೆಗಿ ತಂದಿಟ್ಟದ್ದು ಅಂತಾರ. ಈಗ ಬಾಯಿಲೆ ಬ್ಯಾರೆ ಹೇಳಿದ್ರ ನಾ ಯಾವುದು ಹಿಡೀಲಿ?"

ಆ ಸಾಲು ಸರ್ ಎಲ್ಲ ವರದಿಗಳಲ್ಲೂ ಬರೆಯುವ ಸಾಲು. ಅಳತೆಯಲ್ಲಿ ತೂತುಗಳಿಲ್ಲ ಎಂದು ಹೇಳುವ ರೀತಿ ಅದು. ಸರ್ ಅಲ್ಲೇ ಕೂತು ನಡೆದದ್ದನ್ನು ಬರೆದು ಸಹಿ ಮಾಡಿ ಕೊಟ್ಟರು. ಅಧಿಕಾರಿ ಅದನ್ನು ತೆಗೆದುಕೊಂಡು ಫೈಲಿಗೆ ಸೇರಿಸಿದರು. ಪಟ್ಟಿ ಆಗಲೇ ಮೇಲಕ್ಕೆ ಹೋಗಿದೆ, ಕಾಣುವಂಥದ್ದೇನಾದರೂ ತಂದರೆ ಮತ್ತೆ ಬರೆದು ನೋಡುತ್ತೇನೆ ಎಂದರು.

ಆಮೇಲೆ ಹುಚ್ಚು ಹಿಡಿದವಳಂತೆ ಹುಡುಕಿದೆ. ಮೂಲ ಸ್ಕ್ಯಾನುಗಳು ನಮ್ಮ ಹತ್ತಿರ ಇದ್ದವು, ನಾನು ತೆಗೆದ ಕಸವೆಲ್ಲ ಅವುಗಳಲ್ಲಿ ಹಾಗೇ ಇತ್ತು. ಮರದಾಚೆಯ ಸಾಮಾನಿನ ಗುಡ್ಡೆ ಸಿಕ್ಕಿತು. ದೂರದಿಂದ ಬಂದದ್ದು, ಚುಕ್ಕೆಗಳು ವಿರಳ, ಮುಂದೆ ಮರದ ಬೊಡ್ಡೆ ಅಡ್ಡ. ಟ್ರಂಕಿನ ಒಂದು ಮೂಲೆ, ಮಂಚದ ಎರಡು ಕಾಲು ಎಂದು ನನಗೆ ಗೊತ್ತು. ಗೊತ್ತಿಲ್ಲದವರಿಗೆ ಅದು ಕಟ್ಟಿಗೆಯ ರಾಶಿ. ಮನೆಯೊಳಗಿನ ಚುಕ್ಕೆಗಳಲ್ಲಿ ಒಂದೇ ಒಂದು ತೂತು ಸಿಕ್ಕರೆ ಸಾಕೆಂದು ಹುಡುಕಿದೆ. ಇಷ್ಟು ವರ್ಷ ತೂತು ಕಂಡರೆ ಬೈದುಕೊಂಡವಳು ಅಂದು ತೂತಿಗಾಗಿ ಹರಕೆ ಹೊರುವುದೊಂದು ಬಾಕಿ. ಗೋಡೆಗೆ ಒರಗಿದ ಟ್ರಂಕೊಂದು ಅಲ್ಲೇ ಉಳಿದಿದ್ದರೆ ಅದರ ಹಿಂದೆ ಟ್ರಂಕಿನಾಕಾರದ ಕತ್ತಲೆ ಇರುತ್ತಿತ್ತು. ಇಲ್ಲೊಬ್ಬರು ಬದುಕಿದ್ದರು ಎಂದು ಹೇಳಲು ಆ ಕತ್ತಲೆಯೇ ಸಾಕಾಗುತ್ತಿತ್ತು. ಇರಲಿಲ್ಲ. ಗೋಡೆ ಅಂಗೈಯಂತೆ ಸಾಫಾಗಿತ್ತು.

ಕೊನೆಗೆ ನೆನಪಾದದ್ದು ಮೊದಲ ದಿನದ ಡ್ರೋನಿನ ಮೊದಲ ಸುತ್ತು. ಅದನ್ನು ನಾವು ಬಳಸಿರಲಿಲ್ಲ, ಅಳಿಸಿರಲೂ ಇಲ್ಲ. ತೆರೆದು ನೋಡಿದರೆ ಕೆಂಪು ಮೆಣಸಿನಕಾಯಿ, ಕೆಳಗೆ ಅಂಗಳದಲ್ಲಿ ಹಗ್ಗದ ಮೇಲೆ ಬಟ್ಟೆ, ಚಾವಣಿಯ ಅಂಚಿನಲ್ಲಿ ಖಾಲಾ. ನನಗೆ ಅಳು ಬಂತು, ಗೆದ್ದೆವು ಎಂದು. ಆ ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಖಾಲಾರ ಮಗನನ್ನೂ ಕರೆದುಕೊಂಡು ಹೋದೆ.

ಅಧಿಕಾರಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಡ್ರೋನು ನೆತ್ತಿಯ ಮೇಲಿನಿಂದ ನೋಡುತ್ತದೆ. ಅದಕ್ಕೆ ಸಿಕ್ಕದ್ದು ಸೆರಗು ಹೊದ್ದ ಒಂದು ತಲೆ, ಎರಡು ಮೊಣಕಾಲು. ಮುಖ ಇರಲಿಲ್ಲ.

"ಯಾರೋ ಹೆಣ್ಣಮಗಳು ಕೂತಾಳ. ಮೆಣಸಿನಕಾಯಿ ಸುತ್ತಿನ ಹೊಲದವರು ಯಾರಾದ್ರೂ ತಂದು ಒಣಗಸ್ತಾರ. ಅದಕ್ಕ ಇದು ಮನಿ ಅಂತ ಹೆಂಗ ಬರೀಲಿ, ನೀವ ಹೇಳ್ರಿ."

"ಆಕಿ ನಮ್ಮವ್ವರೀ ಸಾಹೇಬ್ರ," ಎಂದ ಮಗ. ಈ ಸಲ ಅವನು ದನಿ ಏರಿಸಲಿಲ್ಲ.

ಅಧಿಕಾರಿ ತಲೆ ತಗ್ಗಿಸಿ ಫೋಟೋಗಳನ್ನು ಫೈಲಿಗೆ ಸೇರಿಸಿದರು. ಅವರು ಮೇಲಕ್ಕೆ ಬರೆದೂ ಬರೆದರು, ಅಷ್ಟು ಮಾಡಿದರು. ಪಟ್ಟಿ ಬದಲಾಗಲಿಲ್ಲ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಮ್ಮ ಓಡಾಟ ಆ ಬಗೆಯದು.

ದುರಸ್ತಿ ಶುರುವಾಯಿತು. ಮೊದಲು ಕೆಡವಿದ್ದು ಖಾಲಾರ ಇಟ್ಟಿಗೆ ಗೋಡೆಯನ್ನು. ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಗಾಡಿ ಕಲ್ಲುಮಣ್ಣು ಆಗುತ್ತದೆ ಎಂಬುದನ್ನೆಲ್ಲ ಗುತ್ತಿಗೆದಾರರು ನನ್ನ ನಕ್ಷೆ ನೋಡಿಯೇ ಲೆಕ್ಕ ಹಾಕಿದ್ದರು. ಖಾಲಾರ ಮನೆಯವರು ಕಮಲಾಪುರದಲ್ಲಿ ತಮ್ಮನ ಮನೆಯ ಪಡಸಾಲೆಗೆ ಬಂದು ಇಳಿದುಕೊಂಡರು. ಕಾರ್ಡುಗಳಲ್ಲಿ ಬರೆದಿದ್ದ ಸುಳ್ಳು ವಿಳಾಸ ಅವತ್ತಿಗೆ ಖರೆಯಾಯಿತು.

ನಾವು ತಪ್ಪು ಮಾಡಲಿಲ್ಲ ಎಂದು ಸರ್ ನನಗೆ ಹಲವು ಸಲ ಹೇಳಿದ್ದಾರೆ. ಅಳತೆ ಸರಿ, ನಕ್ಷೆ ಸರಿ, ಕೋಣೆ ಖಾಲಿ ಮಾಡಿಸುವುದು ಎಲ್ಲ ಕಡೆ ಇರುವ ಪದ್ಧತಿ. ಹೌದು, ಇದೆ. ಯಾವುದಾದರೂ ಒಂದು ಗೆರೆ ತಪ್ಪಾಗಿದ್ದರೆ ತಿದ್ದಬಹುದಿತ್ತು. ಎಲ್ಲ ಸರಿಯಾಗಿಯೇ ಇದ್ದು ಒಂದು ಸಂಸಾರ ಇಲ್ಲವೇ ಇಲ್ಲ ಎಂದಾಯಿತಲ್ಲ, ಅದನ್ನು ಎಲ್ಲಿ ಕೂತು ತಿದ್ದುವುದು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಈಗ ನಾನು ಯಾರ ಮನೆಯೊಳಗೆ ಹೋದರೂ ಮೊದಲು ಇದ್ದದ್ದು ಇದ್ದ ಹಾಗೆ ಒಂದು ಸ್ಕ್ಯಾನು ಮಾಡಿಸುತ್ತೇನೆ, ಪಾತ್ರೆ ಒಲೆ ಮಂಚ ಎಲ್ಲ ಸಮೇತ. ಆಮೇಲೆ ಬೇಕಾದರೆ ಸಾಮಾನು ಎತ್ತಿಸುತ್ತೇವೆ. ಕೆಲಸ ಇಮ್ಮಡಿಯಾಗುತ್ತದೆ, ಸರ್ ಚಕಾರ ಎತ್ತುವುದಿಲ್ಲ. ಖಾಲಾಗೆ ಅದರಿಂದ ಏನೂ ಬರಲಿಲ್ಲ.

ಚಳಿಗಾಲದಲ್ಲಿ ಒಮ್ಮೆ ಖಾಲಾ ಮಗನ ಜೊತೆ ನಮ್ಮ ಆಫೀಸಿಗೆ ಬಂದರು. ದವಾಖಾನೆಗೆ ತೋರಿಸಲು ಕಲಬುರಗಿಗೆ ಬಂದಿದ್ದರಂತೆ. ಮೆಟ್ಟಿಲು ಹತ್ತಿ ಸುಸ್ತಾಗಿತ್ತು. ನೀರು ಕುಡಿದು ಸುಧಾರಿಸಿಕೊಂಡು, ಸಂಕೋಚದಿಂದ ಕೇಳಿದರು.

"ಮನಿ ಒಂದ್ಸಲ ತೋರಸ್ತೀಯೇನು ಬೇಟಿ? ಅದರಾಗ ಇನ್ನಾ ಅದ ಅಂತ ಇವ ಅಂತಾನ."

ಕಂಪ್ಯೂಟರಿನಲ್ಲಿ ಸರಾಯಿ ತೆರೆದೆ. ದರವಾಜೆಯಿಂದ ಒಳಗೆ ಹೋಗಿ, ಅಂಗಳ ದಾಟಿ, ದಕ್ಷಿಣದ ಸಾಲಿಗೆ ತಂದು, ಬಾಗಿಲಿಲ್ಲದ ಬಾಗಿಲಿನಿಂದ ಅವರನ್ನು ಅವರ ಮನೆಯೊಳಗೆ ಕರೆದುಕೊಂಡು ಹೋದೆ. ಅವರು ಕುರ್ಚಿಯಿಂದ ಮುಂದೆ ಬಾಗಿ ಪರದೆಯನ್ನು ಬೆರಳಿನಿಂದ ಮುಟ್ಟಿದರು. ದೀಪದ ಗೂಡು ತೋರಿಸು ಎಂದರು, ತೋರಿಸಿದೆ. ಒಲೆ ಇದ್ದ ಮೂಲೆ ತೋರಿಸು ಎಂದರು, ತೋರಿಸಿದೆ. ಮಗ ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡ.

"ಎಷ್ಟ್ ಸ್ವಚ್ಛ ಬಂದದ ನೋಡಪಾ," ಎಂದರು ಅವನಿಗೆ. "ಅವತ್ತ ಸುಣ್ಣಾ ಹಚ್ಚಿದ್ದು ಚಲೋ ಆತು. ಇಲ್ಲಂದ್ರ ನೋಡಿದ ಮಂದಿ ಹೊಲಸಿನ್ಯಾಗ ಇದ್ರು ಅಂತಿದ್ರು."

ಮಗ ತಿರುಗಿ ನನ್ನನ್ನು ನೋಡಿದ. ಆ ಚೊಕ್ಕತನದಿಂದಲೇ ಜಾಗ ಕೈತಪ್ಪಿತೆಂದು ಅವರಿಗೆ ಅವನು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಯಾರಿಗೆ ಏನು ಸಿಗುತ್ತಿತ್ತು?

ಖಾಲಾ ಇನ್ನೂ ಹುಡುಕುತ್ತಿದ್ದರು. "ನಾವ್ ಎಲ್ಲಿದೀವಿ ಇದರಾಗ?"

"ನೀವು ಇಲ್ಲ ಖಾಲಾ. ಹೊರಗ ನಿಂತಿದ್ರಿ."

"ಹೌದಲ್ಲ," ಎಂದರು. "ನೀವ ನಿಂದ್ರಸಿದ್ರಿ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.